ಕಾಗದ ಅಲುಗಿದರೆ ಮಾತ್ರ ಇಂಗ್ಲಿಷೇ?

ಕಳೆದ ಭಾನುವಾರ ಬೆಳಿಗ್ಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಅಮೆರಿಕದ ಆಸ್ಪತ್ರೆಗಳ ಬಿಲ್ಲುಗಳ ಬಗ್ಗೆ ಅಲ್ಲಿಯ ಗ್ರಾಹಕರೊಡನೆ ದೂರವಾಣಿಯಲ್ಲಿ ಮಾತನಾಡುವುದು ಅವನ ಉದ್ಯೋಗ. ಕಾಫಿಯ ಲೋಟವನ್ನು ಕೆಳಗಿಟ್ಟು, ಜೇಬಿನಿಂದ ಒಂದು ಸಣ್ಣ ಕಾಗದದ ಚೂರನ್ನು ತೆಗೆದು ತುಟಿಯ ಮುಂದೆ ಹಿಡಿದು, "ಫೆನ್, ಫೇಪರ್, ಸ್ಫೂನ್" ಎಂದ. ಕಾಗದ ಅಲುಗಿತು. ನಾನು ಬೆರಗಾಗಿ ನೋಡಿದೆ.

"ಇದೇನಪ್ಪ ಇದು?" ಎಂದು ಕೇಳಿದೆ.

"ಉಚ್ಚಾರಣೆಯ ತರಬೇತಿ, ಸಾರ್. ಕಾಗದ ಅಲುಗದಿದ್ದರೆ ಇಂಗ್ಲಿಷ್ ತಪ್ಪಂತೆ. ಇಂಗ್ಲಿಷಿನಲ್ಲಿ ಪ, ಟ, ಕ ಇಲ್ಲವೇ ಇಲ್ಲವಂತೆ, ಇರುವುದೆಲ್ಲ ಫ, ಠ, ಖ ಅಂತೆ. ಇಷ್ಟು ದಿನ ನೀವು ನಮಗೆ ಕಲಿಸಿದ್ದು ತಪ್ಪಾಯಿತಲ್ಲ ಸಾರ್."

ಮೂರು ವಾರಗಳಿಂದ ಅವನು ಈ ಅಭ್ಯಾಸದಲ್ಲಿ ತೊಡಗಿದ್ದಾನೆ. ಫಲವೇನೆಂದರೆ, ಈಗ ಅವನು 'ಪ್ಯಾನ್' ಎನ್ನಲು ಹೋದರೆ ಕೇಳುವವರಿಗೆ 'ಫ್ಯಾನ್' ಎಂದು ಕೇಳಿಸುತ್ತದೆ. ಮೊದಲು ಒಂದು ತೊಂದರೆಯಿತ್ತು, ಈಗ ಎರಡಾಗಿವೆ. ಮುಂದಿನ ಪರೀಕ್ಷೆಯಲ್ಲಿ ತೇರ್ಗಡೆಯಾಗದಿದ್ದರೆ ಅವನನ್ನು ದೂರವಾಣಿಯ ಕೆಲಸದಿಂದ ತೆಗೆಯುವರಂತೆ. ತರಬೇತುದಾರರ ಹೆಸರನ್ನಾಗಲಿ ಆ ಸಂಸ್ಥೆಯ ಹೆಸರನ್ನಾಗಲಿ ನಾನು ಕೇಳಲಿಲ್ಲ, ಬೇಕಾಗಿಯೂ ಇಲ್ಲ. ಇಂಥ ಬೋಧನೆ ಒಬ್ಬರದಲ್ಲ, ಮೂಲೆಮೂಲೆಯ ಸ್ಪೋಕನ್ ಇಂಗ್ಲಿಷ್ ತರಗತಿಗಳಲ್ಲಿ ಹಬ್ಬಿರುವಂಥದು. ಆದ್ದರಿಂದ ಅದರ ದೋಷವೇನೆಂಬುದನ್ನು ಬಿಡಿಸಿ ಹೇಳುವುದು ನಿವೃತ್ತನಾದರೂ ನನ್ನ ಕರ್ತವ್ಯವೆಂದು ಭಾವಿಸಿ ಇದನ್ನು ಬರೆಯುತ್ತಿದ್ದೇನೆ.

ನನ್ನ ವಾದ ಇಷ್ಟೇ. ಒಂದು ಧ್ವನಿ ಬಾಯಿಂದ ಹೊರಡುತ್ತದೆಯೇ ಎಂಬುದು ಒಂದು ಪ್ರಶ್ನೆ. ಆ ಧ್ವನಿ ಆ ಭಾಷೆಯಲ್ಲಿ ಪದದಿಂದ ಪದವನ್ನು ಬೇರ್ಪಡಿಸುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದರ ಉತ್ತರವನ್ನು ಎರಡನೆಯದರ ಉತ್ತರವೆಂದು ತಿಳಿದದ್ದರಿಂದಲೇ ನನ್ನ ವಿದ್ಯಾರ್ಥಿಯ ಬಾಯಲ್ಲಿ ಸ್ಪೂನು ಸ್ಫೂನಾಯಿತು.

ಮೊದಲು ಬಾಯಿಯ ವಿಚಾರ. ಅಲ್ಲಿ ತರಬೇತುದಾರರು ಅರ್ಧ ಸತ್ಯವನ್ನೇ ಹೇಳಿದ್ದಾರೆ. ಲಂಡನ್ನಿನವರೋ ನ್ಯೂಯಾರ್ಕಿನವರೋ 'ಪಿನ್' ಎಂದಾಗ ತುಟಿಗಳು ತೆರೆದ ಕೂಡಲೇ ಸ್ವರ ಹೊರಡುವುದಿಲ್ಲ. ನಡುವೆ ಒಂದು ಸಣ್ಣ ಉಸಿರು ನುಗ್ಗುತ್ತದೆ. ಅದೇ ಬಾಯಿ 'ಸ್ಪಿನ್' ಎಂದಾಗ ಆ ಉಸಿರು ಇರುವುದಿಲ್ಲ. ನಮ್ಮ ವ್ಯಾಕರಣದ ಮಾತಿನಲ್ಲಿ ಮೊದಲನೆಯದು ಮಹಾಪ್ರಾಣದಂತೆ, ಎರಡನೆಯದು ಅಲ್ಪಪ್ರಾಣದಂತೆ. ಇದನ್ನು ಅಳೆದೂ ನೋಡಿದ್ದಾರೆ. ಲೀ ಲಿಸ್ಕರ್ ಮತ್ತು ಆರ್ಥರ್ ಏಬ್ರಮ್‌ಸನ್ ಎಂಬ ವಿದ್ವಾಂಸರು 1964ರಲ್ಲಿ ಹನ್ನೊಂದು ಭಾಷೆಗಳ ಇಂಥ ವ್ಯಂಜನಗಳನ್ನು ಅಳೆದು ಪ್ರಕಟಿಸಿದರು. ಅವುಗಳಲ್ಲಿ ಹಿಂದಿ, ಮರಾಠಿ, ತಮಿಳು ಕೂಡ ಇದ್ದವು. ಬಾಯಿಯ ತಡೆ ಬಿಟ್ಟ ಕ್ಷಣದಿಂದ ಗಂಟಲಿನ ನಾದ ತೊಡಗುವ ಕ್ಷಣದವರೆಗೆ ಎಷ್ಟು ಹೊತ್ತು ಎಂಬುದು ಅವರ ಅಳತೆ. ಸೆಕೆಂಡನ್ನು ಸಾವಿರ ಪಾಲು ಮಾಡಿದರೆ, ಪದದ ಮೊದಲಿನ ಇಂಗ್ಲಿಷ್ ಪ-ಕಾರದಲ್ಲಿ ಆ ಅಂತರ ಸರಾಸರಿ 58 ಪಾಲು, ಟ-ಕಾರದಲ್ಲಿ 70, ಕ-ಕಾರದಲ್ಲಿ 80. ಆ ಅಂತರದಲ್ಲಿ ಹೊರಡುವ ಉಸಿರೇ ಕಾಗದವನ್ನು ಅಲುಗಿಸುವುದು.

ಆದ್ದರಿಂದ ಉಸಿರು ಇದೆ ಎಂಬುದರಲ್ಲಿ ತಕರಾರಿಲ್ಲ. ಈಗ ಎರಡನೆಯ ಪ್ರಶ್ನೆಗೆ ಬರೋಣ. ಆ ಉಸಿರು ಇಂಗ್ಲಿಷಿನಲ್ಲಿ ಏನು ಕೆಲಸ ಮಾಡುತ್ತದೆ?

ಇದನ್ನು ತಿಳಿಯಲು ಒಂದು ಸರಳ ಪರೀಕ್ಷೆಯಿದೆ. ಒಂದು ಪದದಲ್ಲಿ ಒಂದೇ ಒಂದು ಧ್ವನಿಯನ್ನು ಬದಲಿಸಿ ನೋಡಿ. ಅರ್ಥ ಬದಲಾದರೆ ಅವು ಎರಡು ಬೇರೆ ಬೇರೆ ಧ್ವನಿಮಾಗಳು. ಇಂಗ್ಲಿಷಿನಲ್ಲಿ ಇದನ್ನೇ ಫೋನೀಮ್ ಎನ್ನುವರು. ಕನ್ನಡದಲ್ಲಿ 'ಕರ' ಎಂದರೆ ಕೈ, 'ಖರ' ಎಂದರೆ ಕತ್ತೆ. 'ಪಲ' ಎಂಬುದು ಹಳೆಯ ಕಾಲದ ಒಂದು ತೂಕ, 'ಫಲ' ಎಂದರೆ ಹಣ್ಣು. ಶಿಷ್ಟ ಕನ್ನಡದಲ್ಲಿ ಉಸಿರೊಂದೇ ಕೈಯನ್ನು ಕತ್ತೆಯಿಂದ ಬೇರ್ಪಡಿಸುತ್ತದೆ. ಆಡುಮಾತಿನಲ್ಲಿ ಮಹಾಪ್ರಾಣ ಅನೇಕರ ಬಾಯಲ್ಲಿ ಸವೆದು ಹೋಗಿದೆಯೆಂಬುದು ನಿಜ, ಅಚ್ಚಗನ್ನಡ ಪದಗಳಲ್ಲಿ ಅದು ಇಲ್ಲವೆನ್ನುವಷ್ಟು ವಿರಳವೆಂಬುದೂ ನಿಜ. ಆದರೂ ಎಚ್ಚರದಿಂದ ಆಡುವ, ಬರೆಯುವ ಕನ್ನಡದಲ್ಲಿ ಕ ಮತ್ತು ಖ ಎರಡು ಧ್ವನಿಮಾಗಳು.

ಇಂಗ್ಲಿಷಿನಲ್ಲಿ ಇಂಥ ಒಂದು ಜೋಡಿಯನ್ನು ಹುಡುಕಿ ನೋಡಿ. ಉಸಿರಿರುವ 'ಪಿನ್' ಗುಂಡುಸೂಜಿ, ಸರಿ. ಉಸಿರಿಲ್ಲದ, ಆದರೆ ಪ-ಕಾರವೇ ಆಗಿರುವ ಇನ್ನೊಂದು 'ಪಿನ್', ಬೇರೆ ಅರ್ಥದ್ದು, ಇದೆಯೇ? ಇಡೀ ನಿಘಂಟನ್ನು ಜಾಲಾಡಿದರೂ ಸಿಗದು. ಉಸಿರಿರುವ ಪ-ಕಾರ ಬರುವೆಡೆಯಲ್ಲಿ ಉಸಿರಿಲ್ಲದ್ದು ಬಾರದು, ಉಸಿರಿಲ್ಲದ್ದು ಬರುವೆಡೆಯಲ್ಲಿ ಉಸಿರಿರುವುದು ಬಾರದು. ಒಂದೇ ಮನೆಯಲ್ಲಿದ್ದು, ಒಬ್ಬರು ಹಗಲು ಪಾಳಿಗೂ ಇನ್ನೊಬ್ಬರು ರಾತ್ರಿ ಪಾಳಿಗೂ ಹೋಗುವ ಅಣ್ಣತಮ್ಮಂದಿರಂತೆ ಅವು ಎಂದೂ ಎದುರುಬದುರಾಗುವುದಿಲ್ಲ. ಹೀಗೆ ಎಡೆಯನ್ನು ನೋಡಿ ವೇಷ ಬದಲಿಸುವ, ಆದರೆ ಅರ್ಥ ಬದಲಿಸದ ರೂಪಗಳನ್ನು ಉಪಧ್ವನಿಗಳೆನ್ನುವರು, ಇಂಗ್ಲಿಷಿನಲ್ಲಿ ಅಲೋಫೋನ್. ಧ್ವನಿಮಾ ಒಂದೇ, ಅದರ ಉಪಧ್ವನಿಗಳು ಎರಡು. ಇಂಗ್ಲಿಷರು ಒಂದೇ ಅಕ್ಷರದಿಂದ ಎರಡನ್ನೂ ಬರೆದುಕೊಂಡು ಶತಮಾನಗಳಿಂದ ಸುಖವಾಗಿರುವುದಕ್ಕೆ ಇದೇ ಕಾರಣ. ಅವರಲ್ಲಿ ಹೆಚ್ಚಿನವರಿಗೆ ತಮ್ಮ ಬಾಯಲ್ಲಿ ಎರಡು ಬಗೆಯ ಪ-ಕಾರಗಳಿವೆಯೆಂಬುದು ಯಾರಾದರೂ ತೋರಿಸುವವರೆಗೆ ತಿಳಿದೇ ಇರುವುದಿಲ್ಲ.

ಇದು ವಿಚಿತ್ರವೆನ್ನಿಸಿದರೆ ನೆರೆಯ ತಮಿಳನ್ನು ನೆನೆಯಿರಿ. ತಮಿಳು ಲಿಪಿಯಲ್ಲಿ ಗ-ಕಾರಕ್ಕೆ ಬೇರೆ ಅಕ್ಷರವಿಲ್ಲವೆಂದು, ಗಾಂಧಿಯನ್ನು 'ಕಾಂತಿ'ಯೆಂದು ಬರೆಯುತ್ತಾರೆಂದು ನಮ್ಮವರು ನಗುವುದುಂಟು. ತಮಿಳರ ಬಾಯಲ್ಲಿ ಗ-ಕಾರ ಧಾರಾಳವಾಗಿದೆ. ಆದರೆ ಅಚ್ಚ ತಮಿಳು ಪದಗಳಲ್ಲಿ ಅದು ಅನುನಾಸಿಕದ ನಂತರವೋ ಎರಡು ಸ್ವರಗಳ ನಡುವೆಯೋ ತಾನಾಗಿ ಬರುವ ರೂಪ, ಕ-ಕಾರದ ಇನ್ನೊಂದು ವೇಷ. ಎಡೆ ತಿಳಿದರೆ ಧ್ವನಿ ತಿಳಿಯಿತು, ಬೇರೆ ಅಕ್ಷರದ ಅಗತ್ಯ ಬೀಳಲಿಲ್ಲ. ತಮಿಳಿಗೆ ಗ-ಕಾರ ಹೇಗೋ ಇಂಗ್ಲಿಷಿಗೆ ಉಸಿರಿನ ಪ-ಕಾರವೂ ಹಾಗೆಯೇ.

ಈಗ ತರಬೇತುದಾರರ ತಪ್ಪು ಎಲ್ಲಿದೆಯೆಂಬುದು ಕಾಣಿಸುತ್ತದೆ. ಉಪಧ್ವನಿಯೆಂದರೆ ನಿಯಮದ ಕೂಸು, ಎಡೆ ಹೇಳದೆ ಅದನ್ನು ಕಲಿಸುವಂತಿಲ್ಲ. ನಿಯಮ ದೊಡ್ಡದೇನಲ್ಲ. ಒತ್ತು ಬೀಳುವ ಉಚ್ಚಾರಾಂಶದ ಮೊದಲಲ್ಲಿ ಪ, ಟ, ಕ ಬಂದರೆ ಉಸಿರು ಜೋರಾಗಿರುತ್ತದೆ. ಅದೇ ಉಚ್ಚಾರಾಂಶದಲ್ಲಿ ಅದರ ಹಿಂದೆ ಸ-ಕಾರವಿದ್ದರೆ ಉಸಿರಿಲ್ಲ. ಒತ್ತಿಲ್ಲದೆಡೆಯಲ್ಲಿ ಉಸಿರು ತೀರ ಕಡಿಮೆ. 'ಅಪಿಯರ್' ಎಂಬಲ್ಲಿ ಒತ್ತು ಎರಡನೆಯ ಭಾಗಕ್ಕೆ ಬೀಳುವುದರಿಂದ ಪ-ಕಾರದಲ್ಲಿ ಉಸಿರಿದೆ. 'ಹ್ಯಾಪಿ' ಎಂಬಲ್ಲಿ ಒತ್ತು ಮೊದಲ ಭಾಗದ ಮೇಲಿರುವುದರಿಂದ ಪ-ಕಾರ ಬಹುತೇಕ ನಮ್ಮದರಂತೆಯೇ ಇದೆ. ಕಾಗದದ ಚೂರನ್ನು ಹಿಡಿದು 'ಹ್ಯಾಪಿ'ಯಲ್ಲಿಯೂ 'ಸ್ಪೂನ್'ನಲ್ಲಿಯೂ ಅಲುಗಿಸಲು ಹೊರಟವರು ಇಂಗ್ಲಿಷರು ಆಡದ ಇಂಗ್ಲಿಷನ್ನು ಕಲಿಸುತ್ತಿದ್ದಾರೆ.

ಈ ನಿಯಮ ಎಷ್ಟು ಸೂಕ್ಷ್ಮವೆಂಬುದಕ್ಕೆ ಒಂದು ಜೋಡಿಯನ್ನು ನೋಡೋಣ. 'ಮಿಸ್ಟೇಕ್' ಎಂಬ ಪದವನ್ನೂ 'ಮಿಸ್‌ಟೈಮ್' ಎಂಬ ಪದವನ್ನೂ ತೆಗೆದುಕೊಳ್ಳಿ. ಎರಡನೆಯದರ ಅರ್ಥ ತಪ್ಪು ವೇಳೆಯಲ್ಲಿ ಮಾಡುವುದು. ಎರಡರಲ್ಲಿಯೂ ಟ-ಕಾರದ ಹಿಂದೆ ಸ-ಕಾರವೇ ಇದೆ, ಎರಡರಲ್ಲಿಯೂ ಒತ್ತು ಟ-ಕಾರದ ಭಾಗದ ಮೇಲೆಯೇ ಇದೆ. ಆದರೆ ಸಾಮಾನ್ಯವಾಗಿ 'ಮಿಸ್ಟೇಕ್'ನಲ್ಲಿ ಉಸಿರಿಲ್ಲ, 'ಮಿಸ್‌ಟೈಮ್'ನಲ್ಲಿ ಉಸಿರಿದೆ. ಏಕೆ? ಎರಡನೆಯ ಪದವನ್ನು ಆಡುವವರು 'ಮಿಸ್' ಮತ್ತು 'ಟೈಮ್' ಎಂಬ ಎರಡು ತುಂಡುಗಳ ಕೂಡಿಕೆಯೆಂದೇ ಭಾವಿಸುತ್ತಾರೆ. ಆದ್ದರಿಂದ ಟ-ಕಾರ ಹೊಸ ತುಂಡಿನ ಮೊದಲಲ್ಲಿ ನಿಲ್ಲುತ್ತದೆ. 'ಮಿಸ್ಟೇಕ್' ಅವರ ಮನಸ್ಸಿನಲ್ಲಿ ಒಡೆಯದ ಒಂದೇ ಪದವಾಗಿಬಿಟ್ಟಿದೆ, ಅಲ್ಲಿ ಸ-ಕಾರವೂ ಟ-ಕಾರವೂ ಒಂದೇ ಉಚ್ಚಾರಾಂಶಕ್ಕೆ ಸೇರಿವೆ. ಅಕ್ಷರಗಳಲ್ಲಿ ಕಾಣದ ಈ ಗಡಿಯನ್ನು ಉಸಿರು ಹೇಳಿಕೊಡುತ್ತದೆ. 'ಎಲ್ಲೆಲ್ಲೂ ಊದಿ' ಎಂದು ಬೋಧಿಸುವವರ ಕಿವಿಗೆ ಇದು ಬಿದ್ದಿಲ್ಲ.

ಇನ್ನು 'ನಿಮ್ಮ ಫ, ಠ, ಖ ಬಳಸಿ' ಎಂಬ ಸಲಹೆ. ನಮ್ಮ ಫ-ಕಾರ ಲಿಪಿಯಲ್ಲಿ ಪ-ಕಾರದ ಮಹಾಪ್ರಾಣವೇ ಆದರೂ ಇಂದು ಬಹುಜನರ ಬಾಯಲ್ಲಿ ಅದು ಹಾಗುಳಿದಿಲ್ಲ. ಕಾಫಿ, ಫೋನು, ಆಫೀಸುಗಳ ಸಹವಾಸದಿಂದ ಅದು ಕೆಳತುಟಿಗೆ ಹಲ್ಲು ತಾಗಿಸಿ ಉಸಿರನ್ನು ಜಾರಿಸುವ ಧ್ವನಿಯಾಗಿದೆ. 'ಫಲ'ವನ್ನೇ ಹಾಗೆ ಉಚ್ಚರಿಸುವವರು ಎಷ್ಟು ಮಂದಿ! ಆ ಧ್ವನಿ ಇಂಗ್ಲಿಷಿನಲ್ಲಿ ಬೇರೆಯೇ ಧ್ವನಿಮಾ. 'ಪ್ಯಾನ್' ಬಾಣಲೆ, 'ಫ್ಯಾನ್' ಬೀಸಣಿಗೆ. ಉಪಧ್ವನಿಯನ್ನು ಸರಿಪಡಿಸಲು ಹೋಗಿ ಧ್ವನಿಮಾವನ್ನೇ ಕೆಡಿಸಿದಂತಾಯಿತು. ಉಸಿರು ಕಡಿಮೆಯಾದರೆ ಪರಕೀಯನ ಇಂಗ್ಲಿಷ್ ಎನ್ನಿಸಬಹುದು, ಬಾಣಲೆ ಬೀಸಣಿಗೆಯಾದರೆ ಮಾತೇ ತಪ್ಪುತ್ತದೆ.

ಇಷ್ಟು ಹೇಳಿದ ಮೇಲೆ ನನ್ನ ಬಂಧುಗಳಲ್ಲಿ ಕೆಲವರು, 'ಹಾಗಾದರೆ ಅರ್ಥ ಬದಲಿಸದ ಆ ಉಸಿರಿನ ಗೊಡವೆ ನಮಗೇಕೆ? ನಮ್ಮ ಪ-ಕಾರವೇ ಸಾಕು' ಎನ್ನುವರು. ಈ ಮಾತನ್ನೂ ನಾನು ಒಪ್ಪಲಾರೆ. ಇದು ಮೊದಲಿನ ತಪ್ಪಿನ ಮಗ್ಗುಲು ಬದಲಿಸಿದ ರೂಪ.

ಮತ್ತೆ ಆ ಅಳತೆಗೆ ಬನ್ನಿ. ಇಂಗ್ಲಿಷ್ ಪ-ಕಾರದ ಅಂತರ 58 ಪಾಲು ಎಂದೆ. ಪದದ ಮೊದಲಿನ ಅವರ ಬ-ಕಾರದ್ದೆಷ್ಟು? ಬಹುಪಾಲು ಉಚ್ಚಾರಣೆಗಳಲ್ಲಿ ಸರಾಸರಿ 1. ಎಂದರೆ ತುಟಿ ತೆರೆದ ಕ್ಷಣಕ್ಕೇ ನಾದ ತೊಡಗುತ್ತದೆ. ನಮ್ಮ ಬ-ಕಾರದಲ್ಲಿಯಾದರೋ ತುಟಿ ಮುಚ್ಚಿರುವಾಗಲೇ ಗಂಟಲು ಗುನುಗತೊಡಗುತ್ತದೆ. ಇಂಗ್ಲಿಷರಲ್ಲಿಯೂ ಕೆಲವರು ಹಾಗೆ ಮಾಡುವುದುಂಟು, ಆದರೆ ಅದು ಕಡ್ಡಾಯವಲ್ಲ. ಅವರ ಕಿವಿ ಸುಮಾರು 25 ಪಾಲಿನ ಆಸುಪಾಸಿನಲ್ಲಿ ಗೆರೆ ಎಳೆದಿದೆ: ಅದಕ್ಕಿಂತ ಕಡಿಮೆಯಾದರೆ ಬ, ಹೆಚ್ಚಾದರೆ ಪ. ಉಸಿರಿಲ್ಲದ ನಮ್ಮ ಪ-ಕಾರ ಆ ಗೆರೆಯ ಯಾವ ಕಡೆಗೆ ಬೀಳುತ್ತದೆಂದು ನೀವೇ ಊಹಿಸಿ. ನನ್ನ ವಿದ್ಯಾರ್ಥಿ 'ಪಿಲ್', ಎಂದರೆ ಗುಳಿಗೆ, ಎಂದದ್ದು ಅಮೆರಿಕದ ಗ್ರಾಹಕನಿಗೆ 'ಬಿಲ್' ಎಂದು ಕೇಳಿಸಿದ್ದು ಹೀಗೆ. ಆಸ್ಪತ್ರೆಯ ವ್ಯವಹಾರದಲ್ಲಿ ಗುಳಿಗೆಯ ಮಾತೂ ಬರುತ್ತದೆ, ಬಿಲ್ಲಿನ ಮಾತೂ ಬರುತ್ತದೆ. ಸಂದರ್ಭದಿಂದ ಊಹಿಸಿಕೊಳ್ಳಲು ಅಲ್ಲಿ ದಾರಿಯಿರಲಿಲ್ಲ.

1960ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದನ್ನು ಸೊಗಸಾಗಿ ತೋರಿಸುತ್ತದೆ. 'ಸ್ಪಿನ್'ನಂಥ ಇಂಗ್ಲಿಷ್ ಪದಗಳನ್ನು ಧ್ವನಿಸುರುಳಿಯಲ್ಲಿ ಮುದ್ರಿಸಿ, ಸ-ಕಾರದ ಭಾಗವನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಬೇರೆ ಬೇರೆ ಭಾಷೆಯವರಿಗೆ ಕೇಳಿಸಿದರು. 'ಸ್ಪಿನ್'ನಿಂದ ಸ-ಕಾರ ಹೋದರೆ 'ಪಿನ್' ಉಳಿಯಬೇಕಲ್ಲವೇ? ಇಂಗ್ಲಿಷ್ ಮಾತೃಭಾಷೆಯವರಿಗೆ ಬಹುಮಟ್ಟಿಗೆ ಕೇಳಿಸಿದ್ದು 'ಬಿನ್'. ತಾವೇ ಪ-ಕಾರವೆಂದು ಬರೆಯುವ ಧ್ವನಿ, ಸ-ಕಾರದ ನೆರಳಿಲ್ಲದೆ ಒಂಟಿಯಾಗಿ ಬಂದಾಗ ಅವರಿಗೇ ಬ-ಕಾರವಾಯಿತು. ಇಂದು ಇದನ್ನು ಮನೆಯಲ್ಲಿಯೇ ಮಾಡಬಹುದು. ಇಂಗ್ಲಿಷ್ ಮಾತೃಭಾಷೆಯವರ 'ಸ್ಪಿನ್' ಒಂದನ್ನು ಮುದ್ರಿಸಿಕೊಂಡು, ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ಸ-ಕಾರದ ಸುಯ್ಯೆನ್ನುವ ಭಾಗವನ್ನು ಅಳಿಸಿ, ಅವರಿಗೇ ಕೇಳಿಸಿ ನೋಡಿ.

ಆದ್ದರಿಂದ ಉಪಧ್ವನಿ ಅರ್ಥಭೇದ ಮಾಡದು ಎಂಬುದರ ತಾತ್ಪರ್ಯ 'ಅದು ನಿರುಪಯುಕ್ತ' ಎಂದಲ್ಲ. ಉಸಿರು ಪ-ಕಾರವನ್ನು ಇನ್ನೊಂದು ಪ-ಕಾರದಿಂದ ಬೇರ್ಪಡಿಸುವುದಿಲ್ಲ. ಪ-ಕಾರವನ್ನು ಬ-ಕಾರದಿಂದ ಗುರುತಿಸಲು ಮಾತ್ರ ಪದದ ಮೊದಲಲ್ಲಿ ಅದೇ ಮುಖ್ಯ ಆಧಾರ.

ಇಲ್ಲೊಂದು ಸಂದೇಹ ಏಳಬೇಕು, ಎದ್ದಿದ್ದರೆ ಅಭಿನಂದನೆಗಳು. ಸ-ಕಾರದ ನಂತರದ ಆ ಧ್ವನಿ ಕಿವಿಗೆ ಬ-ಕಾರದಂತಿದ್ದರೆ ಅದನ್ನು ಪ-ಕಾರದ ಮನೆಗೆ ಸೇರಿಸಿದ್ದೇಕೆ? 'ಸ್ಬಿನ್' ಎಂದು ಬರೆದಿದ್ದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ. ಆ ಎಡೆಯಲ್ಲಿ ಇಂಗ್ಲಿಷಿಗೆ ಪ ಮತ್ತು ಬ ಎಂಬ ಎರಡು ಆಯ್ಕೆಗಳೇ ಇಲ್ಲ. ಅಲ್ಲಿ ಭೇದ ಅಳಿಸಿಹೋಗಿದೆ. ಇಂಥ ಎಡೆಗಳಲ್ಲಿ ಧ್ವನಿಯನ್ನು ಯಾವ ಮನೆಗೂ ಸೇರಿಸದೆ ಬಿಡಬೇಕೆಂದು ಟ್ರುಬೆಟ್ಸ್‌ಕೊಯ್ ಎಂಬ ಭಾಷಾವಿಜ್ಞಾನಿಯ ಪಂಥ ವಾದಿಸಿತು. ಉಳಿದವರು ರೂಢಿಯ ಬರಹವನ್ನು ಅನುಸರಿಸಿ ಪ-ಕಾರವೆನ್ನುವರು.

ಇದನ್ನು ಕೇಳಿ 'ನೋಡಿ, ಇಂಗ್ಲಿಷ್ ಬರಹವೇ ಅಶಾಸ್ತ್ರೀಯ, ನಮ್ಮದು ನುಡಿದಂತೆ ಬರೆಯುವ ಲಿಪಿ' ಎಂದು ಹಿಗ್ಗುವವರಿಗೆ ನಮ್ಮ ಬಿಂದುವನ್ನು ತೋರಿಸುತ್ತೇನೆ. ಅಂಗಳ, ಅಂಚು, ಅಂಟು, ಅಂದ, ಅಂಬು. ಬಿಂದು ಒಂದೇ, ಧ್ವನಿಗಳು ಐದು. ಒಮ್ಮೆ ನಾಲಗೆಯ ಬುಡ ಮೇಲೇಳುತ್ತದೆ, ಒಮ್ಮೆ ತುದಿ ಹಲ್ಲಿಗೆ ತಾಗುತ್ತದೆ, ಒಮ್ಮೆ ತುಟಿ ಮುಚ್ಚುತ್ತದೆ. ಬೇರೆಡೆ ನ, ಣ, ಮ ಪದಗಳನ್ನು ಬೇರ್ಪಡಿಸುತ್ತವೆ: ಮನೆ ಬೇರೆ, ಮಣೆ ಬೇರೆ. ಬಿಂದುವಿನ ಎಡೆಯಲ್ಲಿ ಮಾತ್ರ ಮುಂದಿನ ವ್ಯಂಜನವೇ ಎಲ್ಲವನ್ನೂ ನಿರ್ಧರಿಸುವುದರಿಂದ ನಮ್ಮ ಹಿರಿಯರು ಒಂದು ಚುಕ್ಕೆಯಿಟ್ಟು ಕೈತೊಳೆದುಕೊಂಡರು. ಜಾಣತನವೇ ಸರಿ. ಆದರೆ 'ಸ್ಪಿನ್' ಬರೆದ ಇಂಗ್ಲಿಷರದೂ ಅದೇ ಜಾಣತನ. ಬೆಲೆಯಿಲ್ಲದ ಭೇದವನ್ನು ಬರೆಯದಿರುವುದು ಲಿಪಿಯ ಬಡತನವಲ್ಲ.

ಕೊನೆಗೆ ನಾನು ಹುಡುಗನಿಗೆ ಹೇಳಿದ್ದಿಷ್ಟು. ಕಾಗದವನ್ನು ಎಸೆಯಬೇಡ, ಆದರೆ ಮೂರು ಪದಗಳನ್ನು ಒಟ್ಟಿಗೇ ಹೇಳು: 'ಪಿಲ್, ಸ್ಪಿಲ್, ಬಿಲ್'. ಮೊದಲನೆಯದಕ್ಕೆ ಮಾತ್ರ ಕಾಗದ ಅಲುಗಬೇಕು. ಎರಡನೆಯದಕ್ಕೆ ಅಲುಗಿದರೆ ನೀನು ಅತಿ ಮಾಡಿದೆ ಎಂದರ್ಥ. ಫ-ಕಾರವನ್ನು ಮನಸ್ಸಿಗೇ ತರಬೇಡ. ಎರಡು ತುಟಿಗಳನ್ನೂ ಪೂರ್ತಿ ಮುಚ್ಚಿ, 'ಪ' ಎಂದು ತೆರೆದು, ಸ್ವರವನ್ನು ಒಂದು ಕ್ಷಣ ತಡೆದು ನಡುವೆ ಹ-ಕಾರಕ್ಕೆ ಎಡೆಗೊಡು. ಹಲ್ಲು ತುಟಿಗೆ ತಾಗಿತೇ ಎಂದು ಕನ್ನಡಿಯಲ್ಲಿ ನೋಡಿಕೋ.

"ಹಾಗಾದರೆ ನೀವು ನಮಗೆ ಕಲಿಸಿದ್ದು ತಪ್ಪೇ ಸಾರ್?" ಎಂದು ಅವನು ಮತ್ತೆ ಕೇಳಿದ.

ಪ್ರಾಮಾಣಿಕವಾಗಿ ಉತ್ತರಿಸಬೇಕಾಯಿತು. "ತಪ್ಪಲ್ಲಪ್ಪ, ಅರ್ಧ. ಉಸಿರಿಲ್ಲದ ಪ-ಕಾರ ಭಾರತದ ಇಂಗ್ಲಿಷಿನಲ್ಲಿ ಸಹಜ. ಸ್ಕಾಟ್ಲೆಂಡಿನ, ಲ್ಯಾಂಕಾಷೈರಿನ ಕೆಲವರ ಬಾಯಲ್ಲಿಯೂ ಉಸಿರು ಕಡಿಮೆಯೇ. ನಾವು ನಮ್ಮೊಳಗೆ ಆಡಿಕೊಳ್ಳುವಾಗ ಅದರಿಂದ ಯಾವ ತೊಡಕೂ ಇಲ್ಲ. ನಮ್ಮ ಬ-ಕಾರ ಅಷ್ಟು ಸ್ಪಷ್ಟವಾಗಿರುವಾಗ ಉಸಿರಿನ ಸಹಾಯ ನಮಗೆ ಬೇಕಿಲ್ಲ. ಕೇಳುವ ಕಿವಿ ಬೇರೆಯಾದಾಗ ಬೇಕಾಗುತ್ತದೆ. ಅದನ್ನು ನಾನು ನಿಮಗೆ ಹೇಳಲಿಲ್ಲ, ಏಕೆಂದರೆ ಆಗ ನನಗೇ ಗೊತ್ತಿರಲಿಲ್ಲ."

ಅವನು ನಕ್ಕು, ಕಾಗದವನ್ನು ಜೇಬಿಗಿಟ್ಟುಕೊಂಡು ಹೊರಟ. ಗೇಟಿನ ಬಳಿ ನಿಂತು 'ಪಿಲ್, ಸ್ಪಿಲ್, ಬಿಲ್' ಎಂದದ್ದು ಜಗಲಿಗೆ ಕೇಳಿಸಿತು. ಮೂರೂ ಬೇರೆ ಬೇರೆಯಾಗಿಯೇ ಕೇಳಿಸಿದವು. ಆದರೆ ಕೇಳಿದ್ದು ನನ್ನ ಕನ್ನಡದ ಕಿವಿ. ಅಮೆರಿಕದ ಕಿವಿಗೆ ಹೇಗೆ ಕೇಳಿಸೀತೋ, ಅವನ ಪರೀಕ್ಷೆ ಮುಗಿದ ಮೇಲೆ ತಿಳಿಸುತ್ತೇನೆ.